ಅಣ್ಣನ ಪಾಲು 10 ಲಕ್ಷವೋ, 44 ಲಕ್ಷವೋ?

ದಾವಣಗೆರೆಯಂಥ ಊರಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ ಎಂದುಕೊಳ್ಳಿ. ಮೂವರು ಅಣ್ಣತಮ್ಮಂದಿರು ಸಮಪಾಲಿನ ಪಾಲುದಾರರು. ಹಿರಿಯಣ್ಣ ತೀರಿಕೊಂಡು ತಿಂಗಳಾಗಿದೆ. ತಮ್ಮ ಬ್ಯಾಲೆನ್ಸ್ ಶೀಟ್ ಹಿಡಿದು ಬಂದು, “ಅತ್ತಿಗೆ, ಅಣ್ಣನ ಖಾತೆಯಲ್ಲಿ 10 ಲಕ್ಷ ಇದೆ. ಯಾವಾಗ ಹೇಳಿದರೂ ಕೊಟ್ಟುಬಿಡ್ತೀವಿ” ಎನ್ನುತ್ತಾನೆ.

ಅವನು ಹೇಳಿದ್ದು ಸುಳ್ಳಲ್ಲ. ಹಾಗೆಂದು ಲೆಕ್ಕ ಅಲ್ಲಿಗೇ ಮುಗಿಯಿತು ಎನ್ನುವಂತೆಯೂ ಇಲ್ಲ. ಅಂಗಡಿಯ ಕಟ್ಟಡವನ್ನು ಫರ್ಮಿನ ದುಡ್ಡಿನಲ್ಲೇ ಬಹಳ ಹಿಂದೆ ಕೊಂಡದ್ದು. ವರ್ಷವರ್ಷವೂ ಸವಕಳಿ ಕಳೆದು ಪುಸ್ತಕದಲ್ಲಿ ಈಗ ಅದರ ಬೆಲೆ 2 ಲಕ್ಷ, ಪೇಟೆಯಲ್ಲಿ 92 ಲಕ್ಷ. ಪುಸ್ತಕ ತೋರಿಸದ ಈ 90 ಲಕ್ಷದಲ್ಲಿ ಮೂರನೇ ಒಂದು ಪಾಲು, ಅಂದರೆ 30 ಲಕ್ಷ, ಅಣ್ಣನದು. ಅಂಗಡಿಯ ಹೆಸರಿಗೂ ಬೆಲೆಯುಂಟು. ವರ್ಷಕ್ಕೆ ಸರಾಸರಿ 6 ಲಕ್ಷ ಲಾಭವಿದ್ದು, ಅದರ ಎರಡರಷ್ಟನ್ನು ಗುಡ್‌ವಿಲ್ ಎಂದು ಹಿಡಿದರೆ 12 ಲಕ್ಷ. ಅಣ್ಣನ ಪಾಲಿಗೆ 4 ಲಕ್ಷ. ಖಾತೆಯಲ್ಲಿರುವ 10 ಲಕ್ಷವೂ ಸೇರಿದರೆ ಒಟ್ಟು 44 ಲಕ್ಷ.

ಈ ಎರಡು ಮೊತ್ತಗಳಲ್ಲಿ ಯಾವುದು ಎಂಬುದನ್ನು ತೀರ್ಮಾನಿಸುವುದು ಅಂಗಡಿ ಶುರುವಾದಾಗ ಛಾಪಾ ಕಾಗದದ ಮೇಲೆ ಬರೆಸಿ ಬೀರುವಿನಲ್ಲಿಟ್ಟು ಮರೆತ ಪಾಲುದಾರಿಕೆ ಪತ್ರ.

‘ಪಾಲುದಾರ ಮೃತನಾದರೆ ಕೊನೆಯ ಬ್ಯಾಲೆನ್ಸ್ ಶೀಟ್‌ನ ಪುಸ್ತಕ ಬೆಲೆಯಂತೆ ಮಾತ್ರ ಕೊಡತಕ್ಕದ್ದು, ಗುಡ್‌ವಿಲ್ ಇಲ್ಲ’ ಎಂದು ಪತ್ರ ಬಿಡಿಸಿ ಹೇಳಿದ್ದರೆ ಅತ್ತಿಗೆಯ ವಾದಕ್ಕೆ ಬಲ ಸಾಲದು. ಸಹಿ ಹಾಕಿದವನು ಅವಳ ಗಂಡನೇ. ‘ಆಸ್ತಿಗಳನ್ನು ಅಂದಿನ ಪೇಟೆ ಬೆಲೆಗೆ ಕಟ್ಟಿ, ಗುಡ್‌ವಿಲ್ ಸೇರಿಸಿ’ ಎಂದಿದ್ದರೆ 44 ಲಕ್ಷ. ಹೆಚ್ಚಿನ ಜಗಳ ಹುಟ್ಟುವುದು ಇವೆರಡರ ನಡುವೆ, ‘ಲೆಕ್ಕ ಮಾಡಿ ಕೊಡತಕ್ಕದ್ದು’ ಎಂದಷ್ಟೇ ಬರೆದು ಕೈತೊಳೆದುಕೊಂಡ ಪತ್ರಗಳಿಂದ. ಪತ್ರ ಬರೆದವರು ಅರ್ಧ ಗಂಟೆ ಹೆಚ್ಚು ಯೋಚಿಸಿದ್ದರೆ ಎಷ್ಟೋ ಮನೆಗಳು ಕೋರ್ಟು ಹತ್ತುತ್ತಿರಲಿಲ್ಲ. ಗುಡ್‌ವಿಲ್ ಮಟ್ಟಿಗೆ ಸುಪ್ರೀಂ ಕೋರ್ಟ್ 1970ರಲ್ಲೇ ಒಂದು ದಾರಿ ಹಾಕಿಕೊಟ್ಟಿದೆ: ಉಳಿದವರು ವ್ಯಾಪಾರ ಮುಂದುವರಿಸಬಹುದು ಎಂದು ಪತ್ರದಲ್ಲಿದ್ದ ಮಾತ್ರಕ್ಕೆ ಸತ್ತವನ ಗುಡ್‌ವಿಲ್ ಪಾಲು ಹೋಗುವುದಿಲ್ಲ.

ಸಾವಿನ ಬಗ್ಗೆ ಪತ್ರದಲ್ಲಿ ಚಕಾರವೇ ಇಲ್ಲದಿದ್ದರೆ? 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 42ನೇ ಕಲಮಿನಂತೆ ಪಾಲುದಾರ ಸತ್ತ ದಿನವೇ ಫರ್ಮು ವಿಸರ್ಜನೆಯಾಗುತ್ತದೆ. ಮೊದಲು ಹೊರಗಿನ ಸಾಲ, ಆಮೇಲೆ ಪಾಲುದಾರರು ಫರ್ಮಿಗೆ ಕೊಟ್ಟ ಸಾಲ, ನಂತರ ಬಂಡವಾಳ ತೀರಬೇಕು. ಮಿಕ್ಕಿದ್ದು ಲಾಭದ ಪ್ರಮಾಣದಲ್ಲಿ ಹಂಚಿಕೆ. ಕಾಗದದ ಮೇಲೆ ಇಲ್ಲೂ 44 ಲಕ್ಷವೇ. ಆದರೆ ಅವಸರದಲ್ಲಿ ಮಾರಿದ ಕಟ್ಟಡಕ್ಕೆ 92 ಲಕ್ಷ ಹುಟ್ಟೀತೆ ಎಂಬುದು ಬೇರೆ ಪ್ರಶ್ನೆ. ಇಬ್ಬರೇ ಪಾಲುದಾರರಿದ್ದಲ್ಲಂತೂ ‘ಫರ್ಮು ಮುಂದುವರಿಯತಕ್ಕದ್ದು’ ಎಂದು ಬರೆಸಿದ್ದರೂ ಉಪಯೋಗವಿಲ್ಲ. ಒಬ್ಬನೇ ಉಳಿದ ಮೇಲೆ ಪಾಲುದಾರಿಕೆ ಎಲ್ಲಿಂದ ಬಂತು?

ಹಣ ಯಾರಿಗೆ ಸೇರಬೇಕೆಂಬುದು ಉತ್ತರಾಧಿಕಾರದ ಮಾತು. ಅಣ್ಣ ಹಿಂದೂ, ಉಯಿಲು ಬರೆದಿಲ್ಲ, ಪಾಲು ಅವನ ಸ್ವಯಾರ್ಜಿತ ಎಂದಿಟ್ಟುಕೊಂಡರೆ ಹೆಂಡತಿ, ಮಗ, ಮಗಳು ಮತ್ತು ಬದುಕಿರುವ ತಾಯಿ, ನಾಲ್ವರಿಗೂ ಸಮ: 44 ಲಕ್ಷವಾದರೆ ತಲಾ 11 ಲಕ್ಷ, 10 ಲಕ್ಷವಾದರೆ ತಲಾ ಎರಡೂವರೆ. ಮದುವೆಯಾಗಿ ಹೋದ ಮಗಳನ್ನು ಬಿಟ್ಟು ಲೆಕ್ಕ ಮುಗಿಸುವ ರೂಢಿ ಇನ್ನೂ ಹೋಗಿಲ್ಲ. ಆಮೇಲೆ ನೋಟಿಸು ಬರುವುದೂ ಅವಳಿಂದಲೇ. ಇವರೆಲ್ಲ ಹಣಕ್ಕೆ ಹಕ್ಕುದಾರರು, ಗಲ್ಲಾಪೆಟ್ಟಿಗೆಯ ಮುಂದಿನ ಕುರ್ಚಿಗಲ್ಲ. ಪತ್ರದಲ್ಲಿ ಅವಕಾಶವಿಲ್ಲದಿದ್ದರೆ, ಉಳಿದ ಪಾಲುದಾರರೆಲ್ಲ ಒಪ್ಪದೆ ಮಗ ಪಾಲುದಾರನಾಗಲಾರ.

ತಮ್ಮಂದಿರು ಲೆಕ್ಕ ತೀರಿಸದೆ ಅಂಗಡಿ ನಡೆಸುತ್ತಲೇ ಇದ್ದರೆ 37ನೇ ಕಲಮು ವಾರಸುದಾರರ ನೆರವಿಗೆ ಬರುತ್ತದೆ. ಪತ್ರದಲ್ಲಿ ಬೇರೆ ಕರಾರಿಲ್ಲದಿದ್ದರೆ, ಬಾಕಿ ಪಾಲಿನಿಂದ ದುಡಿದ ಲಾಭ ಕೇಳಬಹುದು, ಇಲ್ಲವೇ ಶೇ. 6ರ ಬಡ್ಡಿ. ಆಯ್ಕೆ ವಾರಸುದಾರರದು. 44 ಲಕ್ಷಕ್ಕೆ ಬಡ್ಡಿ ವರ್ಷಕ್ಕೆ 2.64 ಲಕ್ಷ.

ಮನೆಯ ಮರ್ಯಾದೆಗೆ ಅಂಜಿ ಸುಮ್ಮನಿರುವವರು ಕ್ಯಾಲೆಂಡರ್ ಮೇಲೂ ಕಣ್ಣಿಡಬೇಕು. ವಿಸರ್ಜನೆಯಾದ ಫರ್ಮಿನ ಲೆಕ್ಕ ಕೇಳಿ ದಾವೆ ಹೂಡಲು ವಿಸರ್ಜನೆಯ ದಿನದಿಂದ ಮೂರು ವರ್ಷ ಮಾತ್ರ ಕಾಲಾವಕಾಶ. ‘ಕೊಡ್ತೀವಿ ಬಿಡಿ ಅತ್ತಿಗೆ’ ಎಂಬ ಬಾಯಿಮಾತಿನಿಂದ ಆ ಗಡುವು ಮುಂದೆ ಹೋಗದು. ಗಡುವು ಮುಗಿಯುವ ಮೊದಲೇ ತಮ್ಮಂದಿರು ಬಾಕಿಯನ್ನು ಒಪ್ಪಿ ಬರೆದು ಸಹಿ ಹಾಕಿಕೊಟ್ಟರೆ ಅಂದಿನಿಂದ ಅವಧಿ ಹೊಸದಾಗಿ ಶುರುವಾಗುತ್ತದೆ.