ಇಪ್ಪತ್ತು ಬೀಜಗಳ ಸಾಕ್ಷಿ

ಪ್ರಮಾಣೀಕೃತ ಬಿತ್ತನೆ ಬೀಜದ ಚೀಲದ ಬಾಯಿಗೆ ನೀಲಿ ಬಣ್ಣದ ಚೀಟಿ ಹೊಲಿದಿರುತ್ತದೆ. ಭತ್ತವಾದರೆ ಆ ಚೀಟಿಯ ಭರವಸೆ ಇಷ್ಟು: ನೂರು ಬೀಜ ಹಾಕಿದರೆ ಕನಿಷ್ಠ 80 ಮೊಳೆಯಬೇಕು. ಚೀಲ ಮನೆಗೆ ಬಂದ ಮೇಲೆ ರೈತ ಮಾಡುವ ಪರೀಕ್ಷೆಯೂ ಹಳೆಯದೇ. ಒಂದಿಷ್ಟು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಕೆಲವು ದಿನ ಬಿಟ್ಟು ಬಿಚ್ಚಿ ನೋಡುವುದು. ಇಪ್ಪತ್ತು ಕಾಳು ಇಟ್ಟಿದ್ದ, ಎಂಟು ಮೊಳೆಯಲಿಲ್ಲ ಎನ್ನಿ. ಚೀಲ ವಾಪಸ್ ಮಾಡಬೇಕೆ? ಆರೇ ಮೊಳೆಯದಿದ್ದರೆ? ಎಲ್ಲಿ ಗೆರೆ ಎಳೆಯುವುದು, ಆ ಗೆರೆಯನ್ನು ಅಲ್ಲೇ ಎಳೆಯುವುದು ಯಾಕೆ ಸರಿ ಎಂಬ ಪ್ರಶ್ನೆಗೆ ಸಂಖ್ಯಾಶಾಸ್ತ್ರದಲ್ಲಿ ಒಂದು ಅಪರೂಪದ ಖಚಿತ ಉತ್ತರವಿದೆ. ‘ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಾಧ್ಯವೇ ಇಲ್ಲ’ ಎಂದು ಲೆಕ್ಕ ಹಾಕಿ ತೋರಿಸಬಲ್ಲ ಉತ್ತರ ಅದು.

ಪ್ರಶ್ನೆಯನ್ನು ಮೊದಲು ಬಿಗಿ ಮಾಡಿಕೊಳ್ಳೋಣ. ಎದುರಿಗಿರುವುದು ಎರಡೇ ಊಹೆ. ಒಂದು, ಚೀಲ ಸರಿಯಾಗಿದೆ, ಮೊಳೆಯುವ ಪ್ರಮಾಣ ಶೇ. 80. ಇನ್ನೊಂದು, ಚೀಲ ಕೆಟ್ಟಿದೆ, ಪ್ರಮಾಣ ಶೇ. 60. ಎರಡರಲ್ಲೂ ಒಂದೊಂದೇ ಖಚಿತ ಸಂಖ್ಯೆ ಇರುವುದರಿಂದ ಇವನ್ನು ‘ಸರಳ’ ಊಹೆಗಳು ಎನ್ನುತ್ತಾರೆ. ‘ಶೇ. 80ಕ್ಕಿಂತ ಎಷ್ಟೋ ಕಡಿಮೆ’ ಎಂದರೆ ಅದು ಸರಳವಲ್ಲ, ಅದರೊಳಗೆ ನೂರಾರು ಊಹೆಗಳು ಅಡಗಿರುತ್ತವೆ. ತಪ್ಪಾಗುವ ದಾರಿಯೂ ಎರಡೇ: ಒಳ್ಳೆಯ ಚೀಲವನ್ನು ತಿರಸ್ಕರಿಸಬಹುದು, ಇಲ್ಲವೇ ಕೆಟ್ಟದ್ದನ್ನು ಒಪ್ಪಿ ಬಿತ್ತಿಬಿಡಬಹುದು. ಮೊದಲ ತಪ್ಪಿಗೆ ಒಂದು ಮಿತಿ ಹಾಕಿಕೊಂಡು, ಆ ಮಿತಿಯೊಳಗೆ ಕೆಟ್ಟ ಚೀಲಗಳನ್ನು ಆದಷ್ಟು ಹೆಚ್ಚು ಹಿಡಿಯುವುದು ಗುರಿ. ಕೆಟ್ಟ ಚೀಲ ಸಿಕ್ಕಿಬೀಳುವ ಸಾಧ್ಯತೆಗೆ ಪರೀಕ್ಷೆಯ ‘ಶಕ್ತಿ’ ಎಂದು ಹೆಸರು.

ಇಲ್ಲಿ ಬಹಳ ಜನ ಮೊದಲು ಹಿಡಿಯುವ ದಾರಿ ಒಂದಿದೆ: ಒಳ್ಳೆಯ ಚೀಲದಲ್ಲಿ ಅಪರೂಪವಾದದ್ದು ಕಂಡರೆ ತಿರಸ್ಕರಿಸುವುದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಲೆಕ್ಕ ಹಾಕಿ ನೋಡಿ. ಒಳ್ಳೆಯ ಚೀಲದಿಂದ ತೆಗೆದ ಇಪ್ಪತ್ತರಲ್ಲಿ ಸರಿಯಾಗಿ ಎಂಟು ಮೊಳೆಯದೆ ಉಳಿಯುವ ಸಾಧ್ಯತೆ ಶೇ. 2.22. ಇಪ್ಪತ್ತಕ್ಕೆ ಇಪ್ಪತ್ತೂ ಮೊಳೆಯುವ ಸಾಧ್ಯತೆ ಶೇ. 1.15 ಮಾತ್ರ. ಅಂದರೆ ಎಲ್ಲವೂ ಮೊಳೆಯುವುದು ಎಂಟು ಸಾಯುವುದಕ್ಕಿಂತ ಅಪರೂಪ! ಅಪರೂಪವೊಂದನ್ನೇ ನಂಬಿದರೆ, ಒಂದು ಕಾಳೂ ಬಿಡದೆ ಮೊಳೆತ ಬೀಜವನ್ನು ‘ಕೆಟ್ಟಿದೆ’ ಎಂದು ವಾಪಸ್ ಕಳಿಸಬೇಕಾಗುತ್ತದೆ.

ಈ ತೊಡಕನ್ನು ಬಿಡಿಸುವ ಸುಳಿವು ಬಂದದ್ದು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಿಂದ. ಅಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಸಂಖ್ಯಾಶಾಸ್ತ್ರದ ಲೇಖನಗಳನ್ನು ಬರೆಯುತ್ತಿದ್ದವರು. 1926ರಲ್ಲಿ ಲಂಡನ್ನಿನ ತರುಣ ಈಗನ್ ಪಿಯರ್ಸನ್ ಇದೇ ಸಂದೇಹವನ್ನು ಪತ್ರದಲ್ಲಿ ಕೇಳಿದರು. ಗಾಸೆಟ್ ಕೊಟ್ಟ ಉತ್ತರದ ತಿರುಳು ಇಷ್ಟು: ಕಂಡದ್ದು ಎಷ್ಟೇ ಅಪರೂಪವಾಗಿರಲಿ, ಅಷ್ಟರಿಂದಲೇ ಊಹೆ ಸುಳ್ಳಾಗುವುದಿಲ್ಲ; ಅದನ್ನು ಇನ್ನೂ ಚೆನ್ನಾಗಿ ವಿವರಿಸುವ ಬೇರೊಂದು ಊಹೆ ಇದ್ದಾಗ ಮಾತ್ರ ಮೊದಲನೆಯದರ ಮೇಲೆ ಅನುಮಾನ ಪಡಬೇಕು. ಪಿಯರ್ಸನ್ ಈ ಎಳೆ ಹಿಡಿದು ಪೋಲೆಂಡಿನ ಯೆರ್ಜಿ ನೇಮನ್ ಜೊತೆ ಕೆಲಸಕ್ಕಿಳಿದರು. 1928ರ ಲೇಖನದಲ್ಲಿ ಎರಡು ಊಹೆಗಳ ಅನುಪಾತ ತೆಗೆಯುವ ವಿಧಾನ ಬಂತು. ನೇಮನ್‌ಗೆ ಅಷ್ಟು ಸಾಕಾಗಲಿಲ್ಲ. ಅನುಪಾತ ಮನಸ್ಸಿಗೆ ಒಪ್ಪುತ್ತದೆ ಸರಿ, ಆದರೆ ಅದೇ ಉತ್ತಮ ಎನ್ನಲು ಪುರಾವೆ ಏನು? ಆ ಪುರಾವೆ ಅಚ್ಚಾದದ್ದು 1933ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ. ಇಂದು ಅದನ್ನು ನೇಮನ್–ಪಿಯರ್ಸನ್ ಪ್ರಮೇಯ ಎನ್ನುತ್ತಾರೆ.

ಅನುಪಾತ ಎಂದರೆ ಇಷ್ಟೆ: ಕಣ್ಣೆದುರಿನ ಫಲಿತಾಂಶ ಕೆಟ್ಟ ಚೀಲದಿಂದ ಬರುವ ಸಾಧ್ಯತೆಯನ್ನು, ಅದೇ ಫಲಿತಾಂಶ ಒಳ್ಳೆಯ ಚೀಲದಿಂದ ಬರುವ ಸಾಧ್ಯತೆಯಿಂದ ಭಾಗಿಸುವುದು. ನಮ್ಮ ಬೀಜದ ವಿಷಯದಲ್ಲಿ ಇದು ಬೆರಳೆಣಿಕೆಯಷ್ಟು ಸುಲಭ. ಒಂದು ಕಾಳು ಮೊಳೆಯದೆ ಉಳಿಯುವ ಸಾಧ್ಯತೆ ಕೆಟ್ಟ ಚೀಲದಲ್ಲಿ 0.4, ಒಳ್ಳೆಯದರಲ್ಲಿ 0.2. ಹಾಗಾಗಿ ಮೊಳೆಯದ ಪ್ರತಿ ಕಾಳೂ ಅನುಪಾತವನ್ನು 2ರಿಂದ ಗುಣಿಸುತ್ತದೆ. ಮೊಳೆತ ಕಾಳಿಗೆ 0.6 ಭಾಗಿಸು 0.8, ಅಂದರೆ 0.75, ಅದು ಅನುಪಾತವನ್ನು ಮುಕ್ಕಾಲಿಗೆ ಇಳಿಸುತ್ತದೆ. ಎಂಟು ಮೊಳೆಯದೆ ಹನ್ನೆರಡು ಮೊಳೆತಿದ್ದರೆ 2ನ್ನು ಎಂಟು ಸಲ, 0.75ನ್ನು ಹನ್ನೆರಡು ಸಲ ಗುಣಿಸಿ. ಸುಮಾರು 8.1 ಸಿಗುತ್ತದೆ. ಏಳು ಮೊಳೆಯದಿದ್ದರೆ 3ರ ಆಸುಪಾಸು. ಎಲ್ಲವೂ ಮೊಳೆತಿದ್ದರೆ 0.003. ಆ ‘ಅಪರೂಪ’ದ ಫಲಿತಾಂಶ ಒಳ್ಳೆಯ ಚೀಲದಲ್ಲಿ ವಿರಳ, ನಿಜ, ಕೆಟ್ಟ ಚೀಲದಲ್ಲಂತೂ ಅದು ಕನಸಿನ ಮಾತು. ಅನುಪಾತಕ್ಕೆ ಇದು ತಕ್ಷಣ ಗೊತ್ತಾಗುತ್ತದೆ. ಯಾವ ಕಾಳು ಯಾವ ಸಾಲಿನಲ್ಲಿತ್ತು ಎಂಬುದು ಲೆಕ್ಕಕ್ಕೇ ಬರುವುದಿಲ್ಲ ಎನ್ನುವುದನ್ನೂ ಗಮನಿಸಿ. ಗುಣಾಕಾರಕ್ಕೆ ಕ್ರಮದ ಹಂಗಿಲ್ಲ, ಎಷ್ಟು ಮೊಳೆಯಲಿಲ್ಲ ಎಂಬ ಒಂದೇ ಸಂಖ್ಯೆ ಸಾಕು.

ಪ್ರಮೇಯ ಹೇಳುವುದು: ಅನುಪಾತ ಯಾವುದೋ ಒಂದು ಮಟ್ಟ ಮುಟ್ಟಿದರೆ ತಿರಸ್ಕರಿಸಿ, ಇಲ್ಲದಿದ್ದರೆ ಒಪ್ಪಿ. ಅಷ್ಟೇ ತಪ್ಪು ಮಾಡುವ ಬೇರಾವ ಪರೀಕ್ಷೆಯೂ ಇದಕ್ಕಿಂತ ಹೆಚ್ಚು ಕೆಟ್ಟ ಚೀಲ ಹಿಡಿಯಲಾರದು.

ಯಾಕೆ ಎಂಬುದು ಸಂತೆಯ ಲೆಕ್ಕ. ಕೈಯಲ್ಲಿ ಇಂತಿಷ್ಟೇ ದುಡ್ಡಿದೆ, ಅದರಲ್ಲಿ ಆದಷ್ಟು ಹೆಚ್ಚು ಸಾಮಾನು ತರಬೇಕು. ಒಂದೊಂದು ಫಲಿತಾಂಶವೂ ಒಂದೊಂದು ಸಾಮಾನು ಎಂದುಕೊಳ್ಳಿ. ಅದನ್ನು ತಿರಸ್ಕಾರದ ಪಟ್ಟಿಗೆ ಸೇರಿಸಿದರೆ ತೆರಬೇಕಾದ ಬೆಲೆ, ಒಳ್ಳೆಯ ಚೀಲದಲ್ಲಿ ಅದು ಬರುವ ಸಾಧ್ಯತೆ. ಸಿಗುವ ಲಾಭ, ಕೆಟ್ಟ ಚೀಲದಲ್ಲಿ ಅದು ಬರುವ ಸಾಧ್ಯತೆ. ರೂಪಾಯಿಗೆ ಎಷ್ಟು ಸಿಕ್ಕಿತು ಎಂಬುದೇ ಅನುಪಾತ. ಹೆಚ್ಚು ಸಿಗುವುದನ್ನು ಮೊದಲು ಕೊಂಡು, ದುಡ್ಡು ಮುಗಿಯುವವರೆಗೆ ಕೆಳಗಿಳಿಯುತ್ತಾ ಬಂದರೆ ಆಯಿತು.

ನಮ್ಮ ಪಟ್ಟಿಯಲ್ಲಿ ‘ಎಂಟು ಅಥವಾ ಹೆಚ್ಚು ಮೊಳೆಯದಿದ್ದರೆ ವಾಪಸ್’ ಎಂಬ ನಿಯಮಕ್ಕೆ ತಗಲುವ ಬೆಲೆ ಶೇ. 3.2, ಅದರ ಶಕ್ತಿ ಶೇ. 58. ಈಗ ಒಬ್ಬ ವಾದಿಸುತ್ತಾನೆ: ‘ಎಲ್ಲವೂ ಮೊಳೆತರೂ ಅನುಮಾನವೇ, ಅದನ್ನೂ ಪಟ್ಟಿಗೆ ಸೇರಿಸಿ.’ ಸೇರಿಸಬಹುದು, ಆದರೆ ಅದಕ್ಕೆ ಶೇ. 1.15 ತೆರಬೇಕು. ಒಟ್ಟು ಬೆಲೆ ಏರಬಾರದೆಂದರೆ ಇರುವುದರಲ್ಲಿ ಅಷ್ಟೇ ಬೆಲೆಯದ್ದನ್ನು ಬಿಡಬೇಕು. ಎಂಟರ ಸಾಲಿನಲ್ಲಿ ಹೆಚ್ಚುಕಡಿಮೆ ಅರ್ಧ ಹೋಗುತ್ತದೆ. ಬಿಟ್ಟದ್ದರಲ್ಲಿ ಪ್ರತಿ ಒಂದಕ್ಕೆ 8.1 ಸಿಗುತ್ತಿತ್ತು, ಆದ್ದರಿಂದ ಕಳೆದುಕೊಂಡದ್ದು ಒಂಬತ್ತು ಶೇಕಡಾಂಶಕ್ಕೂ ಹೆಚ್ಚು ಶಕ್ತಿ. ಹೊಸದಾಗಿ ಬಂದದ್ದು ಒಂದು ಶೇಕಡಾಂಶದ ಸಾವಿರದಲ್ಲಿ ನಾಲ್ಕು ಪಾಲಿನಷ್ಟು.

ನೇಮನ್ ಮತ್ತು ಪಿಯರ್ಸನ್ ಪುರಾವೆಯ ಜೀವ ಈ ಅದಲುಬದಲಿನಲ್ಲೇ ಇದೆ. ಅವರ ಎದುರಾಳಿ ಒಂದು ಸಾಲು ಬದಲಿಸುವವನಲ್ಲ, ಅಷ್ಟೇ ಬೆಲೆಯ ಯಾವ ಪಟ್ಟಿಯನ್ನಾದರೂ ತರಬಲ್ಲವನು. ಎರಡು ಪಟ್ಟಿಗಳಲ್ಲೂ ಇರುವುದನ್ನು ಹೊಡೆದುಹಾಕಿ. ನಮ್ಮಲ್ಲಿ ಮಾತ್ರ ಉಳಿದದ್ದೆಲ್ಲ ಗೆರೆಯ ಮೇಲಿನದು, ಅವನಲ್ಲಿ ಮಾತ್ರ ಉಳಿದದ್ದೆಲ್ಲ ಗೆರೆಯ ಕೆಳಗಿನದು. ಎರಡರ ಬೆಲೆಯೂ ಸಮ. ಸಮ ಬೆಲೆಗೆ ಗೆರೆಯ ಮೇಲಿನ ದರದಲ್ಲಿ ಕೊಂಡವನಿಗೇ ಹೆಚ್ಚು ಸಿಗಬೇಕಲ್ಲವೆ? ಪುರಾವೆ ಮುಗಿಯಿತು. ಕಾಲೇಜಿನ ಪುಸ್ತಕಗಳಲ್ಲಿ ಇದು ಇಂಟಿಗ್ರಲ್‌ಗಳ ಹಿಂದೆ ಅವಿತುಕೊಂಡು ಹುಡುಗರನ್ನು ಹೆದರಿಸುತ್ತದೆ, ಆದರೆ ಒಳಗಿರುವುದು ಇಷ್ಟೇ.

ಒಂದು ಸಣ್ಣ ಕಿರಿಕಿರಿ ಇದೆ. ನಮ್ಮ ಮಿತಿ ಸರಿಯಾಗಿ ಶೇ. 5 ಇದ್ದರೆ? ಎಂಟರಿಂದ ಶುರುಮಾಡಿದರೆ ಶೇ. 3.2ಕ್ಕೆ ನಿಲ್ಲುತ್ತೇವೆ, ಏಳನ್ನೂ ಸೇರಿಸಿದರೆ ಶೇ. 8.7ಕ್ಕೆ ಜಿಗಿಯುತ್ತೇವೆ. ಶಾಸ್ತ್ರದ ಉತ್ತರ ವಿಚಿತ್ರವಾಗಿದೆ: ಸರಿಯಾಗಿ ಏಳು ಮೊಳೆಯದಿದ್ದಾಗ ಚೀಟಿ ಎತ್ತಿ, ಮೂರರಲ್ಲಿ ಒಂದು ಸಲದಂತೆ ತಿರಸ್ಕರಿಸಿ, ಆಗ ಶಕ್ತಿ ಶೇ. 64ರ ಹತ್ತಿರ ಬರುತ್ತದೆ. ಗಣಿತಕ್ಕೆ ಇದು ಬೇಕು. ಆದರೆ ಚೀಟಿ ಎತ್ತಿ ಬೀಜ ವಾಪಸ್ ಮಾಡುತ್ತೇನೆಂದರೆ ಯಾವ ಅಂಗಡಿಯವನೂ ಒಪ್ಪಲಾರ, ನಾನೂ ಒಪ್ಪುವುದಿಲ್ಲ. ಶೇ. 3.2ರಲ್ಲೇ ನಿಲ್ಲುವುದು ಲೇಸು.

ಇನ್ನೊಂದು ಕಡೆ ಅದೃಷ್ಟ ನಮ್ಮ ಪರವಾಗಿದೆ. ಕೆಟ್ಟ ಚೀಲ ಶೇ. 60ರದ್ದಲ್ಲ, 50ರದ್ದೋ 70ರದ್ದೋ ಆಗಿದ್ದರೂ ಅನುಪಾತ ಏರುವುದು ಮೊಳೆಯದ ಕಾಳು ಹೆಚ್ಚಿದಂತೆಯೇ. ಆದ್ದರಿಂದ ‘ಎಂಟು ಅಥವಾ ಹೆಚ್ಚು’ ಎಂಬ ನಿಯಮವೇ ಅವುಗಳಿಗೂ ಉತ್ತಮ ನಿಯಮ. ಬದಲಾಗುವುದು ಶಕ್ತಿ ಮಾತ್ರ. ಆದರೆ ‘80ಕ್ಕಿಂತ ಕಡಿಮೆಯೂ ಇರಬಹುದು, ಹೆಚ್ಚೂ ಇರಬಹುದು’ ಎಂದು ಎರಡೂ ಕಡೆ ನೋಡಹೊರಟರೆ ಈ ಭಾಗ್ಯ ಇಲ್ಲ. ಒಂದು ಕಡೆಗೆ ಉತ್ತಮವಾದ ಪಟ್ಟಿ ಇನ್ನೊಂದು ಕಡೆಗೆ ಕೆಲಸಕ್ಕೆ ಬಾರದು.

ಶಕ್ತಿಶಾಲಿ ಎಂದ ಮಾತ್ರಕ್ಕೆ ತೀರ್ಪು ಸತ್ಯವಾಗಿಬಿಡುವುದೂ ಇಲ್ಲ. ಊರಿಗೆ ನೂರು ಚೀಲ ಬಂದಿದೆ, ಅದರಲ್ಲಿ ಐದು ಕೆಟ್ಟದ್ದು ಎಂದುಕೊಳ್ಳಿ. ಐದರಲ್ಲಿ ಶೇ. 58, ಅಂದರೆ ಸರಾಸರಿ ಮೂರು ಸಿಕ್ಕಿಬೀಳುತ್ತವೆ. ಉಳಿದ 95 ಒಳ್ಳೆಯ ಚೀಲಗಳಲ್ಲಿ ಶೇ. 3.2, ಅದೂ ಸರಾಸರಿ ಮೂರು, ತಪ್ಪಾಗಿ ವಾಪಸ್ ಹೋಗುತ್ತವೆ. ತಿರಸ್ಕೃತ ಚೀಲಗಳಲ್ಲಿ ಅರ್ಧ ನಿರಪರಾಧಿಗಳು! ‘ತಪ್ಪುವ ಸಾಧ್ಯತೆ ಶೇ. 3.2, ಆದ್ದರಿಂದ ಈ ಚೀಲ ಕೆಟ್ಟಿರುವುದು ಶೇ. 97 ಖಚಿತ’ ಎನ್ನುವವರು ಈ ಲೆಕ್ಕವನ್ನು ಮಾಡಿ ನೋಡಿರುವುದಿಲ್ಲ. ಕೆಟ್ಟ ಚೀಲ ಮೊದಲೇ ಎಷ್ಟು ಸಾಮಾನ್ಯ ಎಂಬುದನ್ನು ಅನುಪಾತ ಹೇಳುವುದಿಲ್ಲ, ಅದನ್ನು ಬೇರೆ ಕಡೆಯಿಂದ ತಿಳಿದುಕೊಳ್ಳಬೇಕು.

ಬೀಜ ಪ್ರಯೋಗಾಲಯದಲ್ಲಿ ಇಪ್ಪತ್ತು ಕಾಳಿಗೆ ತೀರ್ಪು ಕೊಡುವುದಿಲ್ಲ. ಸಾಮಾನ್ಯವಾಗಿ ನೂರರಂತೆ ನಾಲ್ಕು ಪಾಲು, ಒಟ್ಟು 400 ಇಡುತ್ತಾರೆ. ಆಗ ಒಳ್ಳೆಯ ಚೀಲದಲ್ಲಿ ಮೊಳೆಯದವು 80ರ ಸುತ್ತ, ಕೆಟ್ಟದರಲ್ಲಿ 160ರ ಸುತ್ತ ಇರುತ್ತವೆ. ಎರಡರ ನಡುವಿನ ಅಂತರ ಎಷ್ಟು ದೊಡ್ಡದೆಂದರೆ 94ಕ್ಕೆ ಗೆರೆ ಎಳೆದರೆ ಕೆಟ್ಟದ್ದು ತಪ್ಪಿಸಿಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ. ಆದರೆ ನಾಲ್ಕು ಪಾಲು ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. 2 ಮತ್ತು 0.75ನ್ನು ಗುಣಿಸುತ್ತಾ ಹೋಗುವಾಗ ನಾವು ಒಂದು ಮಾತನ್ನು ಸದ್ದಿಲ್ಲದೆ ಒಪ್ಪಿಕೊಂಡಿದ್ದೇವೆ: ಒಂದು ಕಾಳಿನ ಗತಿ ಪಕ್ಕದ ಕಾಳಿನ ಗತಿಯನ್ನು ಮುಟ್ಟುವುದಿಲ್ಲ. ಒದ್ದೆ ಗೋಣಿಯಲ್ಲಿ ಬೂಷ್ಟು ಹಿಡಿದರೆ ಈ ಮಾತು ಸುಳ್ಳಾಗುತ್ತದೆ. ಒಂದು ಕಾಳಿನ ಬೂಷ್ಟು ಹತ್ತಕ್ಕೆ ಹಬ್ಬುತ್ತದೆ, ಹತ್ತೂ ಒಟ್ಟಿಗೆ ಸಾಯುತ್ತವೆ. ಹತ್ತು ಸಾಕ್ಷಿಗಳಂತೆ ಕಂಡರೂ ಅಲ್ಲಿರುವುದು ಒಂದೇ ಸಾಕ್ಷಿ.

ಇದನ್ನು ಪಾಲುಗಳ ನಡುವಿನ ವ್ಯತ್ಯಾಸದಲ್ಲಿ ಗುರುತಿಸಬಹುದು. ಮೊಳೆಯುವ ಪ್ರಮಾಣ ಶೇ. 80 ಇದ್ದು ಕಾಳುಗಳು ಪರಸ್ಪರ ಸ್ವತಂತ್ರವಾಗಿದ್ದರೆ, ನೂರರ ಪ್ರತಿ ಪಾಲಿನಲ್ಲೂ ಮೊಳೆತವು ಬಹುತೇಕ 72ರಿಂದ 88ರೊಳಗೆ ಬರಬೇಕು. ನಾಲ್ಕು ಪಾಲುಗಳು 91, 62, 88, 71 ಎಂದು ಬಂದವೆನ್ನಿ. ಒಟ್ಟು 312, ಶೇ. 78, ಮೊಳೆಯದವು 88, ನಮ್ಮ ಗೆರೆಗಿಂತ ಕೆಳಗೆ. ಮೇಲ್ನೋಟಕ್ಕೆ ಚೀಲ ಪಾಸು. ಆದರೆ 91 ಎಲ್ಲಿ, 62 ಎಲ್ಲಿ? ಇಂಥ ತಟ್ಟೆಗಳ ಮೇಲೆ ಅನುಪಾತ ಹಾಕಿ ಪ್ರಯೋಜನವಿಲ್ಲ. ಪ್ರಯೋಗಾಲಯದವರು ಆ ಫಲಿತಾಂಶವನ್ನು ಬದಿಗಿಟ್ಟು, ತಟ್ಟೆ ತೊಳೆದು, ಅದೇ ಚೀಲದಿಂದ ಹೊಸದಾಗಿ 400 ಕಾಳು ಎಣಿಸುತ್ತಾರೆ.