ಹಿಟ್ಟಿನ ಪ್ಯಾಕೆಟ್ ಮಾಡಿಕೊಟ್ಟ ಕೆಲಸವೇನು?

“ದೋಸೆ ಹಿಟ್ಟಿನ ಪ್ಯಾಕೆಟ್ ಯಾಕೆ ಕೊಂಡಿರಿ?” ಎಂದರೆ ಎಲ್ಲರದೂ ಒಂದೇ ಉತ್ತರ: “ಟೈಮ್ ಇಲ್ಲ.” ಹಾರ್ವರ್ಡ್‌ನ ಕ್ಲೇಟನ್ ಕ್ರಿಸ್ಟೆನ್ಸೆನ್ ಜನಪ್ರಿಯಗೊಳಿಸಿದ ‘ಜಾಬ್ಸ್ ಟು ಬಿ ಡನ್’ ಸಂದರ್ಶನ ಅಲ್ಲಿಗೇ ನಿಲ್ಲುವುದಿಲ್ಲ. ಇತ್ತೀಚೆಗೆ ಮೊದಲ ಸಲ ಕೊಂಡವರನ್ನು ಕೂರಿಸಿಕೊಂಡು, ಕೊಂಡ ದಿನದಿಂದ ಹಿಂದಕ್ಕೆ ಹೆಜ್ಜೆ ಹೆಜ್ಜೆಯಾಗಿ ನಡೆಸುತ್ತದೆ.

ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವ ಒಬ್ಬ ತಾಯಿ ಎಂದುಕೊಳ್ಳಿ. “ಅವತ್ತು ಯಾವ ವಾರ? ಈ ಯೋಚನೆ ಮೊದಲು ಬಂದದ್ದು ಯಾವಾಗ?” ಎಂದು ಕೇಳುತ್ತಾ ಹೋದರೆ ಕಥೆ ಬಿಚ್ಚಿಕೊಳ್ಳುತ್ತದೆ. ಅತ್ತೆ ಊರಿಗೆ ಹೋಗಿದ್ದರು; ಉದ್ದು ನೆನೆಹಾಕುವುದು ಮರೆತುಹೋಗಿತ್ತು. ಹಿಂದಿನ ವಾರ ಬ್ರೆಡ್ ಹಾಕಿ ಕಳಿಸಿದ್ದ ಮಗನ ಡಬ್ಬಿ ಹಾಗೇ ವಾಪಸ್ ಬಂದಿತ್ತು. ಹಿಟ್ಟಿಗೆ ಸೋಡಾ ಹಾಕಿರುತ್ತಾರೇನೋ ಎಂಬ ಅಳುಕೂ ಇತ್ತು. ಬಿಸಿನೀರು ಹಾಕಿದರೆ ಸಾಕಾಗುವ ಉಪ್ಪಿಟ್ಟು ಇನ್ನೂ ಸುಲಭವಾಗಿದ್ದರೂ ಆಕೆ ಮುಟ್ಟಲಿಲ್ಲ: “ಕಾವಲಿ ಮೇಲೆ ನಾನೇ ಹುಯ್ದರೆ ಮನೆ ಅಡುಗೆ ಅನ್ನಿಸುತ್ತೆ.”

ಅಂದರೆ ಪ್ಯಾಕೆಟ್ ಮಾಡಿದ ಕೆಲಸ ಬರೀ ಸಮಯ ಉಳಿಸಿದ್ದಲ್ಲ. ಮರೆತ ರಾತ್ರಿಯೂ ಮನೆ ತಿಂಡಿಯ ಮಾನ ಉಳಿಸಿದ್ದು. ಅದರ ಪೈಪೋಟಿ ಇನ್ನೊಂದು ಹಿಟ್ಟಿಗಿಂತ ಬ್ರೆಡ್ಡಿನ ಜೊತೆ.

“ಸಮಯ ಉಳಿಯಿತಲ್ಲವೇ?” ಎಂದು ಉತ್ತರವನ್ನು ಬಾಯಿಗಿಟ್ಟರೆ ಸಂದರ್ಶನ ಕೆಟ್ಟಂತೆ. ಇದು ಕಾರಣ ತೋರಿಸುತ್ತದೆ. ಅದು ಎಷ್ಟು ಮನೆಗಳದ್ದು ಎಂದು ತಿಳಿಯಲು ಸಮೀಕ್ಷೆಯೇ ಬೇಕು.