23,000 ಜಪಕ್ಕೆ ಎಷ್ಟು ಹೊತ್ತು ಬೇಕು?

ತುಮಕೂರಿನಲ್ಲಿ ಲೇತ್ ಮಷಿನ್ ಇಟ್ಟುಕೊಂಡಿರುವ ನನ್ನ ಚಿಕ್ಕಮ್ಮನ ಮಗ ಒಂದು ಸಂಜೆ ಫೋನ್ ಮಾಡಿದ. ಎಂಟು ತಿಂಗಳಿಂದ ಆರ್ಡರ್ ಇಲ್ಲ, ಬ್ಯಾಂಕಿನ ಕಂತು ಎರಡು ಬಾಕಿ. ಯಾರೋ ಹೇಳಿದರೆಂದು ಜಾತಕ ತೋರಿಸಲು ಹೋಗಿದ್ದನಂತೆ. ಮೀನ ರಾಶಿ, ಜನ್ಮ ಶನಿ, ಶಾಂತಿ ಮಾಡಿಸದಿದ್ದರೆ ಅಂಗಡಿ ಉಳಿಯುವುದಿಲ್ಲ ಎಂದರಂತೆ. 92,000 ಜಪಕ್ಕೆ 30,000 ರೂಪಾಯಿ, ಹೋಮಕ್ಕೆ 13,000, ಬೆಳ್ಳಿಯ ಶನಿ ಪ್ರತಿಮೆಗೆ 8,000, ಒಟ್ಟು 51,000. ಶನಿವಾರ ಬೆಳಗ್ಗೆ ಏಳಕ್ಕೆ ಶುರು ಮಾಡಿ ಮಧ್ಯಾಹ್ನ ಊಟಕ್ಕೆ ಮುಗಿಸುತ್ತಾರಂತೆ. "ಅಕ್ಕ, ಮಾಡಿಸಲೇನೆ?" ಎಂದು ಕೇಳಿದ.

ಶಾಂತಿ ಮಾಡಿಸಬೇಡ ಎಂದು ನಾನು ಹೇಳಲಿಲ್ಲ. ನಮ್ಮ ಮನೆಯಲ್ಲೂ ನವಗ್ರಹ ಹೋಮ ಆಗಿದೆ, ಶ್ರಾವಣ ಶನಿವಾರಗಳಲ್ಲಿ ಶನಿಮಹಾತ್ಮೆ ಓದುವ ಮನೆಯಲ್ಲೇ ನಾನು ಬೆಳೆದವಳು. ಆದರೆ ಆ ಪಟ್ಟಿಯನ್ನು ಕೂತು ಲೆಕ್ಕ ಹಾಕೋಣ ಎಂದೆ. ಪುರೋಹಿತರ ಮಾತನ್ನು ತೂಗಿ ನೋಡಲು ಶಾಂತಿಕರ್ಮದ ವಿಧಿಯೊಳಗೇ ತಕ್ಕಡಿ ಇದೆ. ಅದನ್ನು ಹಿಡಿಯಲು ನಾಸ್ತಿಕರಾಗಬೇಕಿಲ್ಲ.

ಮೊದಲು "ನಿಮಗೆ ಶನಿ ಇದೆ" ಎಂಬ ಮಾತನ್ನೇ ನೋಡೋಣ. ಶನಿ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರುತ್ತಾನೆ, ಹನ್ನೆರಡು ರಾಶಿ ಸುತ್ತಲು ಇಪ್ಪತ್ತೊಂಬತ್ತೂವರೆ ವರ್ಷ. ಜನ್ಮರಾಶಿಯ ಹಿಂದಿನ ರಾಶಿ, ಜನ್ಮರಾಶಿ, ಮುಂದಿನ ರಾಶಿ, ಈ ಮೂರನ್ನು ದಾಟುವ ಏಳೂವರೆ ವರ್ಷವೇ ಸಾಡೇಸಾತಿ. ಹಾಗಾಗಿ ಯಾವ ದಿನ ಎಣಿಸಿದರೂ ಹನ್ನೆರಡರಲ್ಲಿ ಮೂರು ರಾಶಿಯವರು ಸಾಡೇಸಾತಿಯಲ್ಲೇ ಇರುತ್ತಾರೆ. ಇದಕ್ಕೆ ಅಷ್ಟಮ ಶನಿ, ಅರ್ಧಾಷ್ಟಮ ಶನಿ ಸೇರಿಸಿ. ಪಂಚಮ ಶನಿಯನ್ನೂ ಕಾಟವೆಂದು ಎಣಿಸುವವರ ಲೆಕ್ಕ ಹಿಡಿದರೆ ಆರು ರಾಶಿ ಆಯಿತು. ದೃಗ್ಗಣಿತ ಪಂಚಾಂಗದಂತೆ ಶನಿ 2025ರ ಮಾರ್ಚ್ 29ರಂದು ಮೀನಕ್ಕೆ ಬಂದ. ಆ ಪ್ರಕಾರ ಕುಂಭ, ಮೀನ, ಮೇಷಕ್ಕೆ ಸಾಡೇಸಾತಿ, ಸಿಂಹಕ್ಕೆ ಅಷ್ಟಮ, ಧನುವಿಗೆ ಅರ್ಧಾಷ್ಟಮ, ವೃಶ್ಚಿಕಕ್ಕೆ ಪಂಚಮ. ಬೀದಿಯಲ್ಲಿ ಎದುರಾದ ಇಬ್ಬರಲ್ಲಿ ಒಬ್ಬರಿಗೆ ಶನಿ ಇದೆ ಎಂದಂತಾಯಿತು. ಅದನ್ನು ಹೇಳಲು ಜಾತಕ ಬೇಡ, ಜನ್ಮನಕ್ಷತ್ರ ಗೊತ್ತಿದ್ದರೆ ಸಾಕು. ಕಷ್ಟದಲ್ಲಿರುವವರೇ ಜ್ಯೋತಿಷಿಯ ಬಳಿ ಹೋಗುವುದರಿಂದ ಆ ಮಾತು ಅರ್ಧದಷ್ಟು ಜನಕ್ಕೆ ತಾಗಿಯೇ ತಾಗುತ್ತದೆ.

ಪಂಚಾಂಗಗಳಲ್ಲೂ ಒಮ್ಮತವಿಲ್ಲ. ಶನಿ ಕ್ಷೇತ್ರವೆಂದೇ ಪ್ರಸಿದ್ಧವಾದ ತಿರುನಳ್ಳಾರಿನ ದೇವಸ್ಥಾನ ವಾಕ್ಯ ಪಂಚಾಂಗ ಅನುಸರಿಸುತ್ತದೆ. ಅಲ್ಲಿಯ ಲೆಕ್ಕದಲ್ಲಿ ಶನಿ ಮೀನಕ್ಕೆ ಬರುವುದು 2026ರ ಮಾರ್ಚಿನಲ್ಲಿ. ಒಂದೇ ಗ್ರಹ, ಒಂದೇ ರಾಶಿ, ಸುಮಾರು ಒಂದು ವರ್ಷದ ಅಂತರ. "ಈ ಶನಿವಾರ ತಪ್ಪಿದರೆ ಕೈಮೀರಿತು" ಎಂದು ಯಾರಾದರೂ ಅವಸರ ಮಾಡಿದರೆ ಈ ಒಂದು ವರ್ಷವನ್ನು ನೆನಪಿಸಿಕೊಳ್ಳಿ.

ಇನ್ನು ಶಾಂತಿಯಲ್ಲಿ ಏನೇನು ನಡೆಯುತ್ತದೆ? ಮನೆಯಲ್ಲಿ ಮಾಡಿಸುವ ಶನಿಶಾಂತಿ ಸಾಮಾನ್ಯವಾಗಿ ನವಗ್ರಹ ಹೋಮದ ಚೌಕಟ್ಟಿನಲ್ಲೇ ಇರುತ್ತದೆ, ಶನಿಯನ್ನು ಪ್ರಧಾನವಾಗಿ ಇಟ್ಟುಕೊಳ್ಳುತ್ತಾರೆ. ಗಣಪತಿ ಪೂಜೆ, ಪುಣ್ಯಾಹ, ಸಂಕಲ್ಪ. ಸಂಕಲ್ಪದಲ್ಲಿ ನಿಮ್ಮ ಗೋತ್ರ, ನಕ್ಷತ್ರ, ರಾಶಿ, ಹೆಸರು ಬರಬೇಕು, ಯಾವ ಕರ್ಮ ಎಂದು ಹೇಳಬೇಕು. ಅರ್ಥವಾಗದಿದ್ದರೂ ನಿಮ್ಮ ಹೆಸರು ಕಿವಿಗೆ ಬಿತ್ತೇ ಎಂದು ಗಮನಿಸಿ. ಆಮೇಲೆ ನವಗ್ರಹ ಮಂಡಲ. ಒಂಬತ್ತು ಧಾನ್ಯದ ರಾಶಿ ಹಾಕುತ್ತಾರೆ: ಸೂರ್ಯನಿಗೆ ಗೋಧಿ, ಕುಜನಿಗೆ ತೊಗರಿ, ಬುಧನಿಗೆ ಹೆಸರು, ಶನಿಗೆ ಎಳ್ಳು, ರಾಹುವಿಗೆ ಉದ್ದು, ಕೇತುವಿಗೆ ಹುರುಳಿ, ಹೀಗೆ. ಕಲಶ ಸ್ಥಾಪನೆ ಆಗಿ ಅಗ್ನಿ ಪ್ರತಿಷ್ಠೆ ಆಗುತ್ತದೆ. ಒಂದೊಂದು ಗ್ರಹಕ್ಕೂ ಬೇರೆ ಸಮಿತ್ತು: ಸೂರ್ಯನಿಗೆ ಎಕ್ಕ, ಚಂದ್ರನಿಗೆ ಮುತ್ತುಗ, ಗುರುವಿಗೆ ಅರಳಿ, ಶುಕ್ರನಿಗೆ ಅತ್ತಿ, ಶನಿಗೆ ಬನ್ನಿ. ಸಮಿತ್ತು, ಚರು ಅಂದರೆ ಬೇಯಿಸಿದ ಅನ್ನ, ತುಪ್ಪ ಈ ಮೂರು ದ್ರವ್ಯಗಳಿಂದ ಆಹುತಿ. ಕೊನೆಗೆ ಪೂರ್ಣಾಹುತಿ, ಕಲಶದ ನೀರಿನ ಅಭಿಷೇಕ, ಎಳ್ಳೆಣ್ಣೆಯಲ್ಲಿ ಮುಖ ನೋಡಿಕೊಂಡು ಆ ಎಣ್ಣೆಯ ದಾನ, ಎಳ್ಳು ಮತ್ತು ಕಪ್ಪು ಬಟ್ಟೆಯ ದಾನ, ದಕ್ಷಿಣೆ.

ಯಾಜ್ಞವಲ್ಕ್ಯ ಸ್ಮೃತಿಯ ಗ್ರಹಶಾಂತಿ ಪ್ರಕರಣದಲ್ಲೇ ಈ ಸಮಿತ್ತುಗಳ ಪಟ್ಟಿ ಇದೆ, ಆಹುತಿ 108 ಅಥವಾ 28 ಎಂಬ ಸಂಖ್ಯೆಯೂ ಇದೆ. ಪ್ರಧಾನವಾದ ಶನಿಗೆ ಮೂರು ದ್ರವ್ಯದಿಂದ 108ರಂತೆ 324, ಉಳಿದ ಎಂಟು ಗ್ರಹಗಳಿಗೆ 28ರಂತೆ 672, ಒಟ್ಟು 996 ಆಹುತಿ. ಒಂದಕ್ಕೆ ಐದು ಸೆಕೆಂಡು ಹಿಡಿದರೆ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ. ಪೂಜೆ, ಕಲಶ, ಅಭಿಷೇಕ, ದಾನ ಎಲ್ಲ ಸೇರಿ ನಾಲ್ಕು ಗಂಟೆಯಲ್ಲಿ ನೆಮ್ಮದಿಯಾಗಿ ಮುಗಿಯುವ ಕೆಲಸ. ಬೆಳಗ್ಗೆ ಏಳಕ್ಕೆ ಶುರುವಾದರೆ ಊಟದ ಹೊತ್ತಿಗೆ ಆಗುತ್ತದೆ ಎಂಬ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಹೊಂದದೇ ಇರುವುದು ಜಪ. ಒಂದೊಂದು ಗ್ರಹಕ್ಕೂ ಜಪಸಂಖ್ಯೆ ಹೇಳುವ ಸಂಪ್ರದಾಯವಿದೆ. ಶನಿಗೆ 23,000, ಕಲಿಯುಗದಲ್ಲಿ ನಾಲ್ಕು ಪಟ್ಟು ಎಂಬ ಮಾತು ಹಿಡಿದರೆ 92,000. ಬೀಜಾಕ್ಷರಗಳ ಮಂತ್ರಕ್ಕೆ ನಾಲ್ಕು ಸೆಕೆಂಡು ಬೇಕು. 23,000ಕ್ಕೇ ಇಪ್ಪತ್ತೈದೂವರೆ ಗಂಟೆ, 92,000ಕ್ಕೆ ನೂರಾ ಎರಡು ಗಂಟೆ. ಚಿಕ್ಕ ನಾಮಮಂತ್ರ, ಎರಡೇ ಸೆಕೆಂಡು ಎಂದರೂ ಐವತ್ತೊಂದು ಗಂಟೆ. ನಮ್ಮ ಹುಡುಗನ ಮನೆಗೆ ಬರುವವರು ಇಬ್ಬರೇ ಋತ್ವಿಜರು. ಉಸಿರು ತೆಗೆಯದೆ ಐದು ಗಂಟೆ ಕೂತರೂ ಇಬ್ಬರದ್ದು ಸೇರಿ ಹತ್ತು ಗಂಟೆಯ ಜಪ. ಮೇಲಾಗಿ ಇಷ್ಟು ಜಪ ಮಾಡಿದರೆ ಅದರ ದಶಾಂಶ ಹೋಮ ಆಗಬೇಕೆಂಬ ವಿಧಿಯಿದೆ, ಅಂದರೆ 9,200 ಆಹುತಿ. ಅದಕ್ಕೇ ಹನ್ನೆರಡು ಗಂಟೆಗೂ ಹೆಚ್ಚು. ಇದನ್ನು ನಿಜವಾಗಿ ಮಾಡಿಸುವವರು ನಾಲ್ಕೈದು ಜನರನ್ನು ವಾರಗಟ್ಟಲೆ ಜಪಕ್ಕೆ ಕೂರಿಸುತ್ತಾರೆ, ಎಲ್ಲಿ ಕೂರುತ್ತಾರೆ, ಯಾರು ಕೂರುತ್ತಾರೆ ಎಂದು ಹೇಳುತ್ತಾರೆ, ನೀವು ಹೋಗಿ ನೋಡಬಹುದು. ಅಂಥ ಶ್ರಮಕ್ಕೆ 30,000 ದೊಡ್ಡ ಮೊತ್ತವೇನಲ್ಲ. ಒಂದು ಬೆಳಗಿನ ಹೊತ್ತಿಗೆ ಆ ಸಂಖ್ಯೆಯನ್ನು ಮಾರುವುದು ಮಾತ್ರ ಮೋಸ.

ಅವನು ಈ ಲೆಕ್ಕವನ್ನು ಅವರ ಮುಂದೆ ಮೆತ್ತಗೆ ಇಟ್ಟನಂತೆ. "ಜಪ ನಮ್ಮ ಮಠದಲ್ಲಿ ಮೊದಲೇ ಆಗಿರುತ್ತದೆ" ಎಂದರಂತೆ. ಯಜಮಾನನ ಹೆಸರಿನಲ್ಲಿ ಸಂಕಲ್ಪ ಆಗುವ ಮೊದಲೇ ಅವನ ಪಾಲಿನ ಜಪ ಆಗಿರುವುದು ಹೇಗೆ? ಆಮೇಲೆ ಅವನು ನಮ್ಮ ಊರಿನ ಹಳೆಯ ಪುರೋಹಿತರನ್ನು ಕೇಳಿದ. ಅವರು ಒಂದು ಹಾಳೆಯಲ್ಲಿ ಪಟ್ಟಿ ಬರೆದರು. ತುಪ್ಪ, ನವಧಾನ್ಯ, ಸಮಿತ್ತು, ವಸ್ತ್ರ, ತೆಂಗಿನಕಾಯಿ, ಹಣ್ಣು, ಹೂವು ಸೇರಿ 4,500, ತಮ್ಮ ದಕ್ಷಿಣೆ 4,000, ಇಬ್ಬರು ಸಹಾಯಕರಿಗೆ 1,500ರಂತೆ 3,000, ದಾನಕ್ಕೆ 1,000. ಒಟ್ಟು 12,500. ಸಾಮಾನು ನೀನೇ ತಂದುಕೋ, ಚೀಟಿ ಇಟ್ಟುಕೋ ಎಂದರು. ಬೆಳ್ಳಿ ಪ್ರತಿಮೆ ಬೇಡವೇ ಎಂದರೆ, "ಎಳ್ಳಿನ ರಾಶಿಯ ಮೇಲೆ ಅಡಿಕೆ ಇಟ್ಟು ಆವಾಹನೆ ಮಾಡಿದರೆ ಆಯ್ತಪ್ಪ" ಎಂದರು. ಜಪ ಎಷ್ಟು ಎಂದು ಕೇಳಿದ್ದಕ್ಕೆ, "ಆವತ್ತು ನಾವು ಮೂವರು ಕೂತು ಒಂದೊಂದು ಸಾವಿರ ಮಾಡ್ತೀವಿ, ಅಷ್ಟೇ ಸಂಕಲ್ಪದಲ್ಲಿ ಹೇಳ್ತೀನಿ" ಎಂದರು. ಆ ಉತ್ತರ ಕೇಳಿ ನನಗೆ ಅವರ ಮೇಲಿದ್ದ ಗೌರವ ಇನ್ನಷ್ಟು ಹೆಚ್ಚಿತು.

ಬೆಂಗಳೂರಿನಲ್ಲಾದರೆ ಇದೇ ಹೋಮಕ್ಕೆ ಹದಿನೈದು ಸಾವಿರದವರೆಗೂ ಕೇಳುವುದುಂಟು. ಓಡಾಟ, ಜಾಗ, ಸಾಮಾನಿನ ದರ ಎಲ್ಲ ಜಾಸ್ತಿ, ಅದರಲ್ಲಿ ತಪ್ಪಿಲ್ಲ. ಶನಿಯ ದಾನ ಹಿಡಿಯಲು ಎಲ್ಲರೂ ಒಪ್ಪುವುದಿಲ್ಲ. ಎಳ್ಳು, ಕಬ್ಬಿಣ, ಎಣ್ಣೆ ತೆಗೆದುಕೊಳ್ಳುವವರಿಗೆ ಪ್ರತ್ಯೇಕ ದಕ್ಷಿಣೆ ಕೊಡುವ ವಾಡಿಕೆಯಿದೆ. ಅದನ್ನು ಮೊದಲೇ ಕೇಳಿಕೊಳ್ಳಿ, ಕರ್ಮ ಮುಗಿದ ಮೇಲೆ ಅಂಗಳದಲ್ಲಿ ಚೌಕಾಸಿ ಮಾಡುವುದು ಇಬ್ಬರಿಗೂ ಮುಜುಗರ. ಇಷ್ಟೂ ಆಗದವರಿಗೆ ಪಾವಗಡದ ಶನಿ ದೇವಸ್ಥಾನವಿದೆ, ಪ್ರತಿ ಊರಿನ ನವಗ್ರಹ ಗುಡಿಯಿದೆ. ಎಳ್ಳುಬತ್ತಿ ಹಚ್ಚಲು ಕೆಲವು ಹತ್ತು ರೂಪಾಯಿ, ತೈಲಾಭಿಷೇಕಕ್ಕೆ ದೇವಸ್ಥಾನದ ಸೇವಾಪಟ್ಟಿಯಲ್ಲಿ ಬರೆದಷ್ಟು, ಅದಕ್ಕೆ ರಸೀದಿ. ಸಂಕಲ್ಪದಲ್ಲಿ ಬರುವ "ಯಥಾಶಕ್ತಿ" ಎಂಬ ಪದ ಇದಕ್ಕೇ ಇರುವುದು. ಸಾಲ ಮಾಡಿ ಶಾಂತಿ ಮಾಡಿಸಿ ಎನ್ನುವವರು ಆ ಪದದ ವಿರುದ್ಧ ಮಾತಾಡುತ್ತಿದ್ದಾರೆ.

ಫಲದ ಮಾತಿಗೆ ಬಂದರೆ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ಇಂತಿಷ್ಟು ದಿನದಲ್ಲಿ ಆರ್ಡರ್ ಬರುತ್ತದೆ, ಮದುವೆ ಆಗುತ್ತದೆ, ಕಾಯಿಲೆ ಹೋಗುತ್ತದೆ ಎಂದು ಖಾತ್ರಿ ಕೊಡುವ ಅಧಿಕಾರ ಯಾವ ಪುರೋಹಿತರಿಗೂ ಇಲ್ಲ. ಜಾತಕ ನೋಡಿ ಹೇಳುವುದರ ಗಟ್ಟಿತನವನ್ನೇ ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಮತ್ತು ಅವರ ಸಂಗಡಿಗರು ಮಹಾರಾಷ್ಟ್ರದಲ್ಲಿ ಪರೀಕ್ಷಿಸಿದ್ದರು. ಬುದ್ಧಿವಂತ ಮಕ್ಕಳ ಮತ್ತು ಬುದ್ಧಿಮಾಂದ್ಯ ಮಕ್ಕಳ 200 ಜಾತಕ ಸೇರಿಸಿ, ಒಬ್ಬೊಬ್ಬ ಜ್ಯೋತಿಷಿಗೆ 40ರಂತೆ ಕೊಟ್ಟು, ಯಾವುದು ಯಾರದೆಂದು ಗುರುತಿಸಲು ಕೇಳಿದರು. 27 ಜ್ಯೋತಿಷಿಗಳು ಉತ್ತರ ಕಳಿಸಿದರು, ಸರಿಯಾದದ್ದು ಶೇಕಡಾ 46. ನಾಣ್ಯ ಚಿಮ್ಮಿದರೂ ಐವತ್ತರ ಹತ್ತಿರ ಬರುತ್ತಿತ್ತು. ಶಾಂತಿಯಿಂದ ಮನೆಯವರೆಲ್ಲ ಒಂದೆಡೆ ಕೂತು ಪ್ರಾರ್ಥಿಸುವುದು ಆಗುತ್ತದೆ, ಕಂಗೆಟ್ಟ ಮನಸ್ಸು ಸ್ವಲ್ಪ ನಿಲ್ಲುತ್ತದೆ. ಅದಕ್ಕೆ ಬೆಲೆಯಿದೆ, ಆದರೆ ಅದು ಔಷಧವಲ್ಲ, ಬ್ಯಾಂಕಿನ ಕಂತೂ ಅಲ್ಲ. ಮಾತ್ರೆ ನಿಲ್ಲಿಸಿ ಎಂದವರ ಮನೆಯಿಂದ, ಒಂದು ಶಾಂತಿ ಮುಗಿದ ಮೇಲೆ ಇನ್ನೊಂದು ದೋಷ ಹೊರತೆಗೆಯುವವರ ಮನೆಯಿಂದ, ಇಂಥ ಅಂಗಡಿಯಲ್ಲೇ ನೀಲಮಣಿ ತೆಗೆದುಕೊಳ್ಳಿ ಎನ್ನುವವರ ಮನೆಯಿಂದ ಎದ್ದು ಬನ್ನಿ. ಹಣ ಕೊಟ್ಟು ಮೋಸ ಹೋಗಿದ್ದರೆ ಯುಪಿಐ ದಾಖಲೆ, ವಾಟ್ಸಾಪ್ ಮಾತುಕತೆ ಅಳಿಸದೆ ಪೊಲೀಸರಿಗೆ ದೂರು ಕೊಡಿ. ವಂಚನೆ ಪೂಜೆಯ ಹೆಸರಿನಲ್ಲಿ ನಡೆದರೂ ವಂಚನೆಯೇ.

ನಮ್ಮ ಹುಡುಗ ಊರಿನ ಪುರೋಹಿತರಿಂದಲೇ ಶಾಂತಿ ಮಾಡಿಸಿದ. ಉಳಿದ 38,500 ರೂಪಾಯಿಯಲ್ಲಿ ಬಾಕಿ ಕಂತು ಎರಡೂ ತೀರಿದವು. ಆರ್ಡರ್ ಇನ್ನೂ ಮೊದಲಿನಂತಿಲ್ಲ, ಒಂದು ಲೇತ್ ಮಾರಿದ್ದಾನೆ. ಪಂಚಾಂಗದ ಪ್ರಕಾರ ಅವನ ರಾಶಿಗೆ ಸಾಡೇಸಾತಿ ಮುಗಿಯುವುದು 2029-30ರಲ್ಲಿ. ಯಾರು ಎಷ್ಟು ಕೇಳಿದರೂ, ಎಷ್ಟು ಕೊಟ್ಟರೂ, ಆ ದಿನಾಂಕ ಒಂದು ದಿನವೂ ಹಿಂದೆ ಬರುವುದಿಲ್ಲ.